ಮೇಲೆ ಕೆಂಡ, ಸುತ್ತ ಗಾಳಿ: ತೌಸಳಿ ಏರ್ ಫ್ರೈಯರಿಗೆ ಬಂದಾಗ

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲಿನಲ್ಲಿ, ಅಂಕೋಲೆಯ ಬೇಲೇಕೇರಿಯಲ್ಲಿ ಬೋಟುಗಳು ದಡ ಸೇರಿರುತ್ತವೆ. ಮೀನಿನ ಬುಟ್ಟಿ ಹಗುರವಾದ ಈ ದಿನಗಳಲ್ಲೇ ಸವತೆಕಾಯಿಯ ಬುಟ್ಟಿ ತುಂಬತೊಡಗುತ್ತದೆ. ಅಂಕೋಲೆಯ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಸೊಪ್ಪು, ಬೆಂಡೆಯ ಜೊತೆ ಮಳೆಗಾಲದ ದಪ್ಪ ಸವತೆಕಾಯಿಯನ್ನೂ ಹರಡಿಕೊಂಡು ಕೂರುತ್ತಾರೆ. ಕೊಂಕಣಿ ಮಾತಾಡುವ ಮನೆಗಳಲ್ಲಿ ಆಗ ತೌಸಳಿಯ ನೆನಪಾಗುತ್ತದೆ. ತುರಿದ ಸವತೆಕಾಯಿ, ಬೆಲ್ಲ, ರವೆ, ತೆಂಗಿನತುರಿ, ಏಲಕ್ಕಿ ಇಷ್ಟರಲ್ಲೇ ಮುಗಿಯುವ, ಮೊಟ್ಟೆಯಿಲ್ಲದ ಕಂದು ಬಣ್ಣದ ಸಿಹಿ ಅದು. ಕೆಲವರು ಅದನ್ನು ಹಬೆಯಲ್ಲಿ ಬೇಯಿಸುತ್ತಾರೆ. ಸುಟ್ಟ ಅಂಚಿನ ರುಚಿ ಬೇಕೆನ್ನುವವರಿಗೆ ಮಾತ್ರ ಬೆಂಕಿಯೇ ಆಗಬೇಕು.

ಹಿಂದೆ ಅದಕ್ಕೆ ಓವನ್ ಇರಲಿಲ್ಲ. ತಾಮ್ರದ ದಪ್ಪ ತಳದ ಪಾತ್ರೆಗೆ ತುಪ್ಪ ಸವರಿ, ಬಾಳೆಎಲೆ ಹಾಸಿ, ಹಿಟ್ಟು ಸುರಿದು ಸಣ್ಣ ಉರಿಯ ಮೇಲೆ ಇಡುತ್ತಿದ್ದರು. ಮುಚ್ಚಳದ ಮೇಲೆ ತೆಂಗಿನ ಕರಟದ ಕೆಂಡ ಹರವುತ್ತಿದ್ದರು. ಮೇಲಿನ ಕೆಂಡ ಬಣ್ಣ ಕೊಡುತ್ತಿತ್ತು, ಕೆಳಗಿನ ಉರಿ ತಳ ಬೇಯಿಸುತ್ತಿತ್ತು. ಮೇಲ್ಭಾಗ ಬೇಗ ಕಪ್ಪಾಗುವಂತಿದ್ದರೆ ಕೆಂಡಕ್ಕೆ ಬೂದಿ ಮುಚ್ಚುವುದು, ತಳ ಹಸಿಯಿದ್ದರೆ ಒಲೆಗೆ ಇನ್ನೊಂದು ಕಡ್ಡಿ ದೂಡುವುದು. ಮೇಲಿನ ಶಾಖಕ್ಕೂ ಕೆಳಗಿನ ಶಾಖಕ್ಕೂ ಬೇರೆಬೇರೆ ಲೆಕ್ಕ ಇಟ್ಟುಕೊಳ್ಳುವ ಈ ಕ್ರಮವೇ ಇವತ್ತಿನ ಏರ್ ಫ್ರೈಯರನ್ನು ಅರ್ಥ ಮಾಡಿಕೊಳ್ಳಲು ಎಲ್ಲಕ್ಕಿಂತ ಹೆಚ್ಚು ನೆರವಾಗುತ್ತದೆ.

ನಡುವೆ ಒಟಿಜಿ ಬಂತು. ಮೇಲೊಂದು ರಾಡು, ಕೆಳಗೊಂದು ರಾಡು, ಗಾಜಿನ ಬಾಗಿಲು. ತೌಸಳಿ ಮಾಡುವ ವಿಧಾನ ಟಿಪ್ಪಣಿ ಪುಸ್ತಕಗಳಲ್ಲಿ ‘180 ಡಿಗ್ರಿ, 45ರಿಂದ 50 ನಿಮಿಷ’ ಎಂದು ನೆಲೆನಿಂತಿತು. ಈಗ ಅಡುಗೆಕಟ್ಟೆಯ ಮೂಲೆಯಲ್ಲಿ ಏರ್ ಫ್ರೈಯರ್ ಕೂತಿದೆ. ಹಳೆಯ ಅಂಕಿಯನ್ನೇ ಹಾಗೇ ಒತ್ತಿದರೆ ಹದಿನೈದು ನಿಮಿಷಕ್ಕೆ ತೌಸಳಿಯ ನೆತ್ತಿ ಕಡುಗಂದು ಬಣ್ಣಕ್ಕೆ ತಿರುಗುತ್ತದೆ, ಬೆಲ್ಲ ಸುಟ್ಟ ವಾಸನೆ ಹೊರಡುತ್ತದೆ. ಚಾಕು ಚುಚ್ಚಿದರೆ ಒಳಗಿನದು ಇನ್ನೂ ಹಿಟ್ಟಾಗಿಯೇ ಇರುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಒಂದು ಸೂತ್ರವಿದೆ. ಓವನ್ನಿಗೆ ಬರೆದ ಉಷ್ಣತೆಯಿಂದ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇಳಿಸಿ, ಸಮಯದಲ್ಲಿ ಐದನೇ ಒಂದು ಪಾಲು ಕಡಿಮೆ ಮಾಡಿ. 180 ಇದ್ದದ್ದು 160 ಆಗುತ್ತದೆ, 50 ನಿಮಿಷ 40 ಆಗುತ್ತದೆ. ಸೂತ್ರ ತಪ್ಪಲ್ಲ. ಆದರೆ ಅದರ ಎರಡು ತುಂಡುಗಳು ಎರಡು ಬೇರೆ ಕೆಲಸಕ್ಕೆ ಸೇರಿದವು. ಉಷ್ಣತೆ ಇಳಿಸುವುದು ತಿನಿಸಿನ ಮೈಗಾಗಿ. ಸಮಯ ನಿಂತಿರುವುದು ಬಹುಮಟ್ಟಿಗೆ ಅದರ ದಪ್ಪದ ಮೇಲೆ. ಇದು ತಿಳಿಯದಿದ್ದರೆ ಅದೇ ಸೂತ್ರ ಬಂಗಡೆ ಮೀನನ್ನು ಒಣಗಿಸುತ್ತದೆ, ತೌಸಳಿಯನ್ನು ಹಸಿಯಾಗಿ ಉಳಿಸುತ್ತದೆ.

ಮೊದಲು ಉಷ್ಣತೆಯ ವಿಷಯ. ಸಾಧಾರಣ ಓವನ್ನಿನಲ್ಲಿ ಗಾಳಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. ತಣ್ಣನೆಯ ಹಿಟ್ಟನ್ನು ಒಳಗಿಟ್ಟಾಗ ಅದರ ಮೈಗೆ ಅಂಟಿಕೊಂಡ ತೆಳುವಾದ ಗಾಳಿಯ ಪದರ ತಾನೂ ತಣ್ಣಗಾಗುತ್ತದೆ, ಹಿಟ್ಟಿನಿಂದೆದ್ದ ನೀರಾವಿಯೂ ಅಲ್ಲೇ ಸುಳಿಯುತ್ತಿರುತ್ತದೆ. ಓವನ್ನಿನ ಉಳಿದ ಜಾಗ 180 ಡಿಗ್ರಿಯಲ್ಲಿದ್ದರೂ ಈ ಪದರವನ್ನು ದಾಟಿಕೊಂಡೇ ಶಾಖ ಒಳಗೆ ಹೋಗಬೇಕು. ಏರ್ ಫ್ರೈಯರಿನ ಫ್ಯಾನು ಆ ಪದರವನ್ನು ಕೂಡಲೇ ಗುಡಿಸಿ ಹಾಕಿ, ಅದರ ಜಾಗಕ್ಕೆ ಹೊಸ ಬಿಸಿಗಾಳಿ ತರುತ್ತದೆ. ಕಾರವಾರದ ದಂಡೆಯಲ್ಲಿ ಮೀನು ಒಣಗಿಸುವವರಿಗೆ ಇದು ಹೊಸದಲ್ಲ. ಬಿಸಿಲು ಅಷ್ಟೇ ಇದ್ದರೂ ಗಾಳಿ ನಿಂತ ದಿನ ಮೀನು ಒಣಗುವುದು ತಡ, ಗಾಳಿ ಬೀಸಿದ ದಿನ ಬೇಗ. ಹಾಗಾಗಿ ಫ್ಯಾನಿನ ಗಾಳಿಯಿದ್ದಲ್ಲಿ 160 ಡಿಗ್ರಿಯೇ ತಿನಿಸಿನ ಮೈಗೆ ನಿಂತ ಗಾಳಿಯ 180 ಡಿಗ್ರಿಯ ಕೆಲಸ ಮಾಡುತ್ತದೆ. ಉಷ್ಣತೆ ಇಳಿಸಿದೆವೆಂದು ಅಡುಗೆ ಮೆತ್ತಗಾಯಿತು ಎಂದುಕೊಳ್ಳಬೇಕಾಗಿಲ್ಲ, ಅದೇ ಜಾಗಕ್ಕೆ ಬಂದು ನಿಂತಿರುತ್ತೇವೆ.

ಫ್ಯಾನ್ ಇರುವ ಒಲೆಯ ಯೋಚನೆ ಏರ್ ಫ್ರೈಯರಿಗಿಂತ ಬಹಳ ಹಳೆಯದು. 1940ರ ದಶಕದ ನಡುವೆ ಅಮೆರಿಕದ ವಿಲಿಯಂ ಮ್ಯಾಕ್ಸನ್ ವಿಮಾನಗಳಲ್ಲಿ ಹೆಪ್ಪುಗಟ್ಟಿಸಿದ ಊಟವನ್ನು ಬೇಗ ಬಿಸಿ ಮಾಡುವುದಕ್ಕಾಗಿ ಅಂಥದೊಂದು ಪುಟ್ಟ ಒಲೆ ತಯಾರಿಸಿದ್ದರು. ನೆದರ್ಲೆಂಡ್ಸಿನ ಫ್ರೆಡ್ ವಾನ್ ಡೆರ್ ವೇಯ್ ರೂಪಿಸಿದ ಮನೆಬಳಕೆಯ ಏರ್ ಫ್ರೈಯರ್ 2010ರಲ್ಲಿ ಫಿಲಿಪ್ಸ್ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು. ಜಾಗ ಚಿಕ್ಕದು, ಶಾಖ ಮೇಲಿನಿಂದ, ಗಾಳಿ ಬಿರುಸು, ತಳಕ್ಕೆ ತೂತಿನ ಬಾಸ್ಕೆಟ್. ಬಾಸ್ಕೆಟ್ ಇರುವ ಈ ಬಗೆಯಲ್ಲಿ ಸಾಮಾನ್ಯವಾಗಿ ಕೆಳಗೆ ರಾಡು ಇರುವುದಿಲ್ಲ. ಅಜ್ಜಿಯಂದಿರ ಲೆಕ್ಕದಲ್ಲಿ ಹೇಳುವುದಾದರೆ, ಕೆಂಡವೆಲ್ಲ ಮುಚ್ಚಳದ ಮೇಲೆ. ಒಲೆಯಲ್ಲಿ ಉರಿಯೇ ಇಲ್ಲ. ತಳಕ್ಕೆ ತಲುಪುವುದು ಗಾಳಿ ಹೊತ್ತು ತಂದಷ್ಟು ಶಾಖ ಮಾತ್ರ.

ಉಷ್ಣತೆ ಇಳಿಸುವಾಗ ಎರಡು ಕಡೆ ಕಾಲು ಜಾರುವುದುಂಟು. ವಿದೇಶಿ ಪಾಕಪುಸ್ತಕಗಳಲ್ಲಿ ‘25 ಡಿಗ್ರಿ ಇಳಿಸಿ’ ಎಂದಿರುತ್ತದೆ. ಅದು ಫ್ಯಾರನ್‌ಹೀಟಿನ 25. ಸೆಲ್ಸಿಯಸ್ಸಿನಲ್ಲಿ ಈ ಅಂತರ ಸುಮಾರು 14 ಮಾತ್ರ. 350 ಫ್ಯಾರನ್‌ಹೀಟ್ ಎಂದರೆ 177 ಸೆಲ್ಸಿಯಸ್, 325 ಎಂದರೆ 163. ಅಂತರವನ್ನು ಗಮನಿಸದೆ ಸೆಲ್ಸಿಯಸ್ಸಿನಲ್ಲೇ 25 ಕಳೆದು, ಜೊತೆಗೆ ಸಮಯವನ್ನೂ ಕಡಿತ ಮಾಡಿದರೆ ತೌಸಳಿ ಬಿಳಿಚಿಕೊಂಡು, ಅಂಟಂಟಾಗಿ ಬರುತ್ತದೆ. ಇನ್ನೊಂದು, ಮೂಲ ವಿಧಾನವೇ ಫ್ಯಾನ್ ಇರುವ ಓವನ್ನಿಗೆ, ಅಂದರೆ ಕನ್ವೆಕ್ಷನ್ ಓವನ್ನಿಗೆ ಬರೆದದ್ದಾಗಿರಬಹುದು. ಗಾಳಿಯ ಲಾಭವನ್ನು ಅಲ್ಲಿ ಆಗಲೇ ಲೆಕ್ಕಕ್ಕೆ ತೆಗೆದುಕೊಂಡಾಗಿದೆ, ಮತ್ತೆ 20 ಕಳೆಯಬಾರದು. ಅದೇ ಉಷ್ಣತೆ ಅಥವಾ ಐದು ಡಿಗ್ರಿ ಕಡಿಮೆ ಇಟ್ಟು ಸ್ವಲ್ಪ ಮುಂಚೆ ನೋಡಿದರೆ ಸಾಕು.

ಸಮಯದ ಲೆಕ್ಕ ಬೇರೆಯೇ ಜಾಡು ಹಿಡಿಯುತ್ತದೆ. ಫ್ಯಾನಿನ ಕೆಲಸ ತಿನಿಸಿನ ಮೈಯವರೆಗೆ ಮಾತ್ರ. ಮೈಯಿಂದ ನಡುಭಾಗಕ್ಕೆ ಶಾಖ ಹಿಟ್ಟಿನ ಒಳಗಿನಿಂದಲೇ, ತನ್ನದೇ ನಿಧಾನದಲ್ಲಿ ಸಾಗಬೇಕು. ಹೊರಗೆ ಎಷ್ಟೇ ಬಿರುಸಿನ ಗಾಳಿ ಬೀಸಿದರೂ ಆ ನಡಿಗೆಯನ್ನು ಹೆಚ್ಚು ಅವಸರ ಮಾಡಲಾಗದು. ದಪ್ಪ ಎರಡು ಪಟ್ಟಾದರೆ ನಡುಭಾಗ ಕಾಯಲು ಬೇಕಾಗುವ ಸಮಯ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು. ಇಷ್ಟು ತಿಳಿದರೆ ಏರ್ ಫ್ರೈಯರಿನಲ್ಲಿ ಕೇಕು ಕೆಡುವುದರ ಕಾರಣ ಬಹುಪಾಲು ಬಿಡಿಸಿದಂತೆ. ಓವನ್ನಿನಲ್ಲಿ ಎಂಟು ಇಂಚಿನ ಟಿನ್ನಿಗೆ ಹಾಕುತ್ತಿದ್ದ ಅಷ್ಟೂ ಹಿಟ್ಟನ್ನು ಏರ್ ಫ್ರೈಯರಿಗೆ ಹಿಡಿಸುವ ಆರು ಇಂಚಿನ ಟಿನ್ನಿಗೆ ಸುರಿದಾಗ ಹಿಟ್ಟಿನ ಎತ್ತರವೇ ಬದಲಾಗಿರುತ್ತದೆ. ಅದು ಕಣ್ಣಿಗೆ ಬೀಳದೆ ಡಿಗ್ರಿ, ನಿಮಿಷಗಳ ಜೊತೆ ಗುದ್ದಾಡುವವರೇ ಹೆಚ್ಚು.

ಒಂದು ತೌಸಳಿಯನ್ನೇ ತೆಗೆದುಕೊಂಡು ಲೆಕ್ಕ ಹಾಕಬಹುದು. ಓವನ್ನಿನ ವಿಧಾನ ಹೀಗಿದೆ ಎಂದಿಟ್ಟುಕೊಳ್ಳೋಣ: ಹುರಿದ ರವೆ 250 ಗ್ರಾಂ, ಬೀಜ ತೆಗೆದು ತುರಿದ ಸವತೆಕಾಯಿ 450 ಗ್ರಾಂ, ಬೆಲ್ಲ 225 ಗ್ರಾಂ, ತೆಂಗಿನತುರಿ ಸುಮಾರು 80 ಗ್ರಾಂ, ಎರಡು ದೊಡ್ಡ ಚಮಚ ತುಪ್ಪ, ಏಲಕ್ಕಿ, ಚಿಟಿಕೆ ಉಪ್ಪು, ಕಾಲು ಚಮಚ ಅಡುಗೆ ಸೋಡಾ. ಎಲ್ಲ ಸೇರಿ ಒಂದು ಕಿಲೋದಷ್ಟು ಹಿಟ್ಟು. ಎಂಟಿಂಚಿನ, ಅಂದರೆ 20 ಸೆಂಟಿಮೀಟರಿನ ದುಂಡು ಟಿನ್ನಿಗೆ ಸುರಿದರೆ ಇದು ಹೆಚ್ಚುಕಡಿಮೆ ಮೂರು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಆರಿಂಚಿನ ಟಿನ್ನಿಗೆ ಸುರಿದರೆ ಐದು ಸೆಂಟಿಮೀಟರ್ ದಾಟುತ್ತದೆ. ನಡುಭಾಗ ಕಾಯುವುದಕ್ಕೆ ಆಗ ಸರಿಸುಮಾರು ಮೂರು ಪಟ್ಟು ಸಮಯ ಬೇಕು. ಅಷ್ಟು ಹೊತ್ತು ಮೇಲಿನ ರಾಡಿನ ಕೆಳಗೆ ಬೆಲ್ಲವಿರುವ ಮೈ ಕಪ್ಪಾಗದೆ ಉಳಿಯಲು ಸಾಧ್ಯವೇ ಇಲ್ಲ.

ಆದ್ದರಿಂದ ಮೊದಲು ಬದಲಿಸಬೇಕಾದದ್ದು ಹಿಟ್ಟಿನ ಅಳತೆ. ಟಿನ್ನಿನ ಅಗಲಗಳನ್ನು ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಎಷ್ಟು ಪಾಲು ಹಿಟ್ಟು ಬೇಕೆಂಬುದು ಸಿಗುತ್ತದೆ. ಆರನ್ನು ಎಂಟರಿಂದ ಭಾಗಿಸಿದರೆ 0.75, ಅದನ್ನು ಅದರಿಂದಲೇ ಗುಣಿಸಿದರೆ 0.56. ಅರ್ಧಕ್ಕಿಂತ ತುಸು ಹೆಚ್ಚು ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ರವೆ 140 ಗ್ರಾಂ, ಸವತೆಕಾಯಿ 250, ಬೆಲ್ಲ 125, ತೆಂಗಿನತುರಿ 45, ತುಪ್ಪ ಒಂದು ದೊಡ್ಡ ಚಮಚಕ್ಕೆ ಸ್ವಲ್ಪ ಮೇಲೆ. ಸೋಡಾ ಎರಡು ಚಿಟಿಕೆ ದಾಟಬಾರದು. ಈಗ ಆರಿಂಚಿನ ಟಿನ್ನಿನಲ್ಲೂ ಹಿಟ್ಟು ಮೂರು ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಷ್ಟಾದ ಮೇಲೆ ಮಾತ್ರ ಡಿಗ್ರಿ, ನಿಮಿಷಗಳ ಸೂತ್ರಕ್ಕೆ ಅರ್ಥ ಬರುತ್ತದೆ.

ಹಿಟ್ಟಿನ ಹದದಲ್ಲೂ ಒಂದು ಎಚ್ಚರ ಬೇಕು. ಮಳೆಗಾಲದ ಸವತೆಕಾಯಿಯಲ್ಲಿ ನೀರು ಹೆಚ್ಚು. ತುರಿಯನ್ನು ಹಿಂಡಬಾರದು, ಆ ನೀರಿನಲ್ಲೇ ರವೆ ಅರಳಬೇಕು. ಬೆಲ್ಲ ಹಾಕಿ ಕಲಸಿ ಅರ್ಧ ಗಂಟೆ ಬಿಟ್ಟ ಮೇಲೆ ಚಮಚದಿಂದ ಎತ್ತಿದರೆ ಹಿಟ್ಟು ಹರಿಯಬಾರದು, ಮುದ್ದೆಮುದ್ದೆಯಾಗಿ ಬೀಳಬೇಕು. ಓವನ್ನಿನಲ್ಲಿ ಕೊಂಚ ತೆಳುವಾದರೂ ನಡೆದೀತು. ಏರ್ ಫ್ರೈಯರಿನಲ್ಲಿ ನಡೆಯದು, ಏಕೆಂದರೆ ಫ್ಯಾನಿನ ಗಾಳಿ ತೆಳು ಹಿಟ್ಟನ್ನು ಒಂದು ಬದಿಗೆ ತಳ್ಳುತ್ತದೆ. ತೌಸಳಿ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗಾಗಿ ಬೆಂದಿದ್ದರೆ ಯಂತ್ರ ಓರೆಯಾಗಿ ಇಟ್ಟದ್ದೇ ಕಾರಣವೆಂದು ಹೇಳಬೇಕಾಗಿಲ್ಲ, ಬಹಳ ಸಲ ಕಾರಣ ಹಿಟ್ಟಿನ ಹದ. ಹರಿಯುವಂತಿದ್ದರೆ ಒಂದೆರಡು ಚಮಚ ರವೆ ಸೇರಿಸಿ ಇನ್ನು ಹತ್ತು ನಿಮಿಷ ಬಿಡಬೇಕು.

ಟಿನ್ನನ್ನು ಇಡುವ ಕ್ರಮ ಡಿಗ್ರಿಯಷ್ಟೇ ಮುಖ್ಯ. ಬಾಸ್ಕೆಟಿನ ಗೋಡೆಗೂ ಟಿನ್ನಿಗೂ ನಡುವೆ ಸುತ್ತಲೂ ಕನಿಷ್ಠ ಒಂದು ಬೆರಳಿನ ಅಗಲ ಜಾಗ ಇರಬೇಕು. ಟಿನ್ನು ಗೋಡೆಗೆ ಬಿಗಿಯಾಗಿ ಕೂತರೆ ಗಾಳಿ ಕೆಳಕ್ಕೆ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ತಳವನ್ನೂ ತುಸು ಎತ್ತರಿಸಬೇಕು. ಬಾಸ್ಕೆಟಿನ ಜೊತೆ ಬಂದ ಜಾಲರಿ ಇದ್ದರೆ ಸರಿ, ಇಲ್ಲದಿದ್ದರೆ ಗಟ್ಟಿಯಾದ ಸ್ಟೀಲಿನ ಪುಟ್ಟ ಸ್ಟ್ಯಾಂಡು. ತೌಸಳಿಯ ನೆತ್ತಿಗೂ ಮೇಲಿನ ರಾಡಿಗೂ ಎರಡು ಇಂಚಾದರೂ ಅಂತರ ಉಳಿಯಲಿ. ಸಿಲಿಕೋನ್ ಅಚ್ಚಿಗಿಂತ ತೆಳು ಅಲ್ಯುಮಿನಿಯಂ ಟಿನ್ನು ಇಲ್ಲಿ ಚೆನ್ನ. ಕೆಳಗೆ ರಾಡು ಇಲ್ಲದ ಯಂತ್ರದಲ್ಲಿ ತಳಕ್ಕೆ ಸಿಗುವ ಅಲ್ಪ ಶಾಖವನ್ನು ಸಿಲಿಕೋನ್ ಇನ್ನಷ್ಟು ತಡೆಹಿಡಿಯುತ್ತದೆ.

ಯಂತ್ರವನ್ನು 160 ಡಿಗ್ರಿಗಿಟ್ಟು ಮೂರು ನಾಲ್ಕು ನಿಮಿಷ ಖಾಲಿ ಓಡಿಸಿದರೆ ಕಾಯುತ್ತದೆ. ಓವನ್ನಿಗೆ ಬೇಕಾಗಿದ್ದ ಹತ್ತು ಹದಿನೈದು ನಿಮಿಷ ಇಲ್ಲೇ ಉಳಿಯಿತು. ಟಿನ್ನಿನ ಬಾಯಿಗೆ ಅಲ್ಯುಮಿನಿಯಂ ಫಾಯಿಲ್ ಹೊದಿಸಿ ಅಂಚನ್ನು ಚೆನ್ನಾಗಿ ಮಡಚಬೇಕು. ಸಡಿಲ ಬಿಟ್ಟರೆ ಫ್ಯಾನು ಅದನ್ನು ಎತ್ತಿ ರಾಡಿಗೆ ತಗುಲಿಸುತ್ತದೆ. ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದ ಕೆಲಸವನ್ನು ಇಲ್ಲಿ ಫಾಯಿಲ್ ಮಾಡುತ್ತದೆ. ಮೊದಲ 20 ನಿಮಿಷ ಹೀಗೆ ಮುಚ್ಚಿಯೇ ಬೇಯಲಿ. ಈ ಹೊತ್ತಿಗೆ ಅಂಚು ಗಟ್ಟಿಯಾಗಿ, ನಡುವೆ ಮಾತ್ರ ಅಂಗೈಯಷ್ಟು ಜಾಗ ಮೆತ್ತಗಿರುತ್ತದೆ. ಫಾಯಿಲ್ ತೆಗೆದು ಗೋಡಂಬಿ ಚೂರು ಉದುರಿಸಿ ಮತ್ತೆ ಒಳಗಿಟ್ಟರೆ, ಮುಂದಿನ ಹದಿನೈದು ನಿಮಿಷಗಳಲ್ಲಿ ಬಣ್ಣ ಬರುತ್ತದೆ. ಗೋಡಂಬಿಯನ್ನು ಮೊದಲೇ ಹಾಕಿದ್ದರೆ ಸುಡುತ್ತಿತ್ತು.

30ನೇ ನಿಮಿಷಕ್ಕೆ ಮೊದಲ ಪರೀಕ್ಷೆ. ಸೂತ್ರ 40 ಎನ್ನುತ್ತಿದ್ದರೂ ಹತ್ತು ನಿಮಿಷ ಮುಂಚೆ ನೋಡುವುದೇ ಸರಿ, ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸ ಇದ್ದೇ ಇರುತ್ತದೆ. ನಡುವಿಗೆ ಕಡ್ಡಿ ಚುಚ್ಚಿದಾಗ ಒದ್ದೆ ಹಿಟ್ಟು ಅಂಟಬಾರದು, ರವೆಯ ಒಂದೆರಡು ಕಾಳು ಅಂಟಿದರೆ ಚಿಂತೆಯಿಲ್ಲ. ಥರ್ಮಾಮೀಟರ್ ಇದ್ದವರು ಚುಚ್ಚಿ ನೋಡಿದರೆ ನಡುಭಾಗ 95 ಡಿಗ್ರಿ ದಾಟಿರಬೇಕು. ಅಂಚು ಟಿನ್ನಿನಿಂದ ಬಿಟ್ಟುಕೊಂಡಿರಬೇಕು. ಮೂರು ಸೆಂಟಿಮೀಟರಿನ ತೌಸಳಿ 35ರಿಂದ 40 ನಿಮಿಷದ ನಡುವೆ ಈ ಸ್ಥಿತಿಗೆ ಬರುತ್ತದೆ. ಓವನ್ನಿನ 45–50ಕ್ಕೆ ಹೋಲಿಸಿದರೆ ಉಳಿತಾಯ ಹತ್ತು ನಿಮಿಷ ಅಷ್ಟೇ. ದಪ್ಪ ಅಷ್ಟೇ ಇರುವಾಗ ಇದಕ್ಕಿಂತ ಹೆಚ್ಚು ಉಳಿಸಲು ಹೊರಟವರ ಟಿನ್ನಿನ ನಡುವೆ ಹಸಿ ಉಳಿಯುತ್ತದೆ.

ತಳದ ವಿಷಯ ಇನ್ನೂ ಬಾಕಿಯಿದೆ. ಕತ್ತರಿಸಿದಾಗ ಕೆಳಗಿನ ಅರ್ಧ ಬೆರಳಿನಷ್ಟು ಪದರ ಕಡುಬಣ್ಣಕ್ಕೆ, ಒದ್ದೆಯಾಗಿ ಕಂಡರೆ ಶಾಖ ಕೆಳಗಿನಿಂದ ಸಿಕ್ಕಿಲ್ಲವೆಂದರ್ಥ. ಇದಕ್ಕೆ ಸುಲಭದ ದಾರಿಯಿದೆ. ಬೆಂದ ತೌಸಳಿಯನ್ನು ಹತ್ತು ನಿಮಿಷ ಆರಲು ಬಿಟ್ಟು, ತಟ್ಟೆಗೆ ಮಗುಚಿ, ಬಟರ್ ಪೇಪರಿನ ತುಂಡಿನ ಮೇಲೆ ತಳ ಮೇಲಾಗುವಂತೆ ಬಾಸ್ಕೆಟಿಗೆ ಇಳಿಸಿ ಅದೇ 160ರಲ್ಲಿ ಐದು ನಿಮಿಷ ಓಡಿಸುವುದು. ಒಲೆಯಲ್ಲಿ ಉರಿ ಇಲ್ಲದ್ದಕ್ಕೆ ತಳವನ್ನೇ ಕೆಂಡದ ಕಡೆಗೆ ತಿರುಗಿಸಿದಂತೆ. ಗೋಧಿಯ ಮೆತ್ತನೆ ಕೇಕನ್ನು ಹೀಗೆ ಮಗುಚಿದರೆ ಕುಸಿದೀತು. ರವೆಯ ತೌಸಳಿ ತಾಳಿಕೊಳ್ಳುತ್ತದೆ. ಆಮೇಲೆ ಪೂರ್ತಿ ತಣಿಯುವವರೆಗೆ ಚಾಕು ಹಾಕಬಾರದು, ಬಿಸಿಯಿರುವಾಗ ಕತ್ತರಿಸಿದ ರವೆ ಬೆಂದಿದ್ದರೂ ಹಸಿಯಂತೆಯೇ ಕಾಣುತ್ತದೆ.

ಕೆಟ್ಟಾಗ ತೌಸಳಿಯೇ ಕಾರಣ ಹೇಳುತ್ತದೆ. ಹನ್ನೆರಡು ನಿಮಿಷಕ್ಕೇ ನೆತ್ತಿ ಕಂದಾಗಿ ನಡುಭಾಗ ಅಲುಗಾಡುತ್ತಿದ್ದರೆ ಉಷ್ಣತೆ ಹೆಚ್ಚಾಗಿದೆ; ಸಮಯ ಕಡಿಮೆ ಮಾಡಿ ಪ್ರಯೋಜನವಿಲ್ಲ, 150ಕ್ಕೆ ಇಳಿಸಿ ಸಮಯ ಹೆಚ್ಚಿಸಬೇಕು. ಒಳಗೆ ಬೆಂದಿದ್ದು ಮೇಲ್ಭಾಗ ಬಿಳಿಚಿಕೊಂಡು ರೊಟ್ಟಿಯಂತೆ ಬಿರುಸಾಗಿದ್ದರೆ ತೀರಾ ಕಡಿಮೆ ಉಷ್ಣತೆಯಲ್ಲಿ ತುಂಬಾ ಹೊತ್ತು ಗಾಳಿಗೆ ಒಡ್ಡಿದಂತಾಗಿದೆ. ನೆತ್ತಿ ಬಿರಿದು ಗೋಪುರದಂತೆ ಎದ್ದಿದ್ದರೆ ಮೇಲಿನ ಪದರ ಮೊದಲೇ ಗಟ್ಟಿಯಾಗಿ, ಒಳಗಿನ ಹಿಟ್ಟು ಆಮೇಲೆ ಉಬ್ಬಿದೆ. ಫಾಯಿಲ್ ಇನ್ನೂ ಐದು ನಿಮಿಷ ಇರಬೇಕಿತ್ತು.

ಮಳೆಗಾಲದ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ, ವೋಲ್ಟೇಜು. ಗಾಳಿಮಳೆಯ ದಿನಗಳಲ್ಲಿ 230 ಇರಬೇಕಾದದ್ದು 200ಕ್ಕೆ ಇಳಿಯಬಹುದು. ವೋಲ್ಟೇಜು ಎಂಟನೇ ಒಂದು ಪಾಲು ಕುಸಿದರೆ ರಾಡಿನ ಶಕ್ತಿ ಅಷ್ಟೇ ಕುಸಿಯುವುದಿಲ್ಲ, ಸುಮಾರು ಕಾಲು ಭಾಗ ಹೋಗುತ್ತದೆ. 1,500 ವಾಟಿನ ಯಂತ್ರ ಆಗ 1,130ರ ಆಸುಪಾಸಿನಲ್ಲಿ ಕೆಲಸ ಮಾಡುತ್ತಿರುತ್ತದೆ. ಥರ್ಮೋಸ್ಟಾಟ್ ಕೊನೆಗೂ 160ಕ್ಕೆ ತಲುಪಿಸುತ್ತದೆ ನಿಜ, ಆದರೆ ಕಾಯುವುದು ನಿಧಾನ, ಬಾಸ್ಕೆಟ್ ಎಳೆದು ನೋಡಿದ ಮೇಲೆ ಚೇತರಿಸಿಕೊಳ್ಳುವುದು ಇನ್ನೂ ನಿಧಾನ. ಅಡುಗೆಮನೆಯ ದೀಪ ಮಂಕಾಗಿದ್ದ ದಿನ ಯಂತ್ರವನ್ನು ಎಂಟು ನಿಮಿಷ ಮೊದಲೇ ಕಾಯಿಸಬೇಕು, ಬಾಸ್ಕೆಟನ್ನು ಪದೇಪದೇ ಎಳೆಯಬಾರದು. ಇಷ್ಟು ವಾಟಿನ ಯಂತ್ರವನ್ನು ಮಿಕ್ಸರಿನ ಚಿಕ್ಕ ಪ್ಲಗ್ ಪಾಯಿಂಟಿಗೆ ಎಕ್ಸ್‌ಟೆನ್ಶನ್ ವೈರಿನ ಮೂಲಕ ಜೋಡಿಸುವುದು ಅಪಾಯ. 6 ಆಂಪಿಯರಿನ ಪಾಯಿಂಟು ತಾಳುವುದು 1,380 ವಾಟಿನವರೆಗೆ. ಗೀಸರಿಗೆ ಕೊಡುವಂಥ 16 ಆಂಪಿಯರಿನ ಪಾಯಿಂಟೇ ಸರಿ.

ಆಗಸ್ಟ್ ಬಂದು ಬೋಟುಗಳು ಮತ್ತೆ ಕಡಲಿಗಿಳಿದಾಗ ಇದೇ ಯಂತ್ರಕ್ಕೆ ಬಂಗಡೆ ಬರುತ್ತದೆ, ಲೆಕ್ಕವೂ ತಿರುಗಿ ನಿಲ್ಲುತ್ತದೆ. ಓವನ್ನಿನಲ್ಲಿ ಮಸಾಲೆ ಹಚ್ಚಿದ ಇಡೀ ಬಂಗಡೆಗೆ 200 ಡಿಗ್ರಿ, 20–22 ನಿಮಿಷ ಎಂದು ಬರೆದಿದ್ದರೆ, ಏರ್ ಫ್ರೈಯರಿನಲ್ಲಿ 185, 11–12 ನಿಮಿಷ. ಉಷ್ಣತೆ ಇಳಿದದ್ದು 15 ಡಿಗ್ರಿ, ಆದರೆ ಸಮಯ ಹತ್ತಿರಹತ್ತಿರ ಅರ್ಧ. ಐದನೇ ಒಂದು ಪಾಲಿನ ಸೂತ್ರವನ್ನು ನಂಬಿ 17 ನಿಮಿಷ ಬಿಟ್ಟಿದ್ದರೆ ಬಾಲ, ಹೊಟ್ಟೆಯ ಭಾಗ ಒಣಕಡ್ಡಿಯಾಗುತ್ತಿತ್ತು. ಮೀನಿನ ಅತಿ ದಪ್ಪದ ಜಾಗವೇ ಮೂರು ಸೆಂಟಿಮೀಟರ್ ದಾಟುವುದಿಲ್ಲ, ಅದಕ್ಕೆ ಅಡ್ಡವಾಗಿ ಟಿನ್ನಿನ ಗೋಡೆಯಿಲ್ಲ. ತೂತಿನ ಬಾಸ್ಕೆಟಿನ ಮೇಲಿಟ್ಟಾಗ ಕೆಳಗಿನಿಂದಲೂ ಗಾಳಿ ತಾಗುವುದರಿಂದ ಶಾಖ ಎರಡೂ ಮೈಯಿಂದ ನಡುವಿಗೆ ಸಾಗುತ್ತದೆ, ಪ್ರತಿ ಬದಿಯಿಂದ ದಾಟಬೇಕಾದ ದೂರ ಒಂದೂವರೆ ಸೆಂಟಿಮೀಟರ್ ಮಾತ್ರ. ಓವನ್ನಿನ ತಟ್ಟೆಯಲ್ಲಿ ಮಲಗಿದ್ದ ಮೀನಿಗೆ ಈ ಅನುಕೂಲ ಇರಲಿಲ್ಲ.

ಬಂಗಡೆಗೆ ರವೆ ಹಚ್ಚುವ ರೂಢಿ ಇಲ್ಲಿ ಬಲವಾದದ್ದು. ಎಣ್ಣೆಯ ಕಾವಲಿಯಲ್ಲಿ ರವೆ ತಾನಾಗಿ ಎಣ್ಣೆ ಹೀರುತ್ತದೆ. ಏರ್ ಫ್ರೈಯರಿನಲ್ಲಿ ಒಣ ರವೆ ಬಿಳಿಯಾಗಿಯೇ ಉಳಿಯುತ್ತದೆ, ಕೆಲವು ಕಾಳು ಗಾಳಿಗೆ ಹಾರಿ ರಾಡಿಗೆ ಅಂಟಿ ಸುಡುತ್ತವೆ. ಮಸಾಲೆ ಹಚ್ಚಿದ ಮೀನನ್ನು ರವೆಯ ಮೇಲೆ ಒತ್ತಿ, ಹತ್ತು ನಿಮಿಷ ಬಿಟ್ಟು, ಮೇಲೆ ಒಂದು ಚಮಚ ತೆಂಗಿನೆಣ್ಣೆ ಸವರಿದರೆ ರವೆ ಕಚ್ಚಿಕೊಂಡು ಕೆಂಪಗಾಗುತ್ತದೆ. ಏಳನೇ ನಿಮಿಷಕ್ಕೆ ಒಮ್ಮೆ ಮಗುಚಬೇಕು. ಒಂದರ ಮೇಲೊಂದು ಮೀನು ಪೇರಿಸಿದರೆ ನಡುವಿನ ಗಾಳಿಯ ದಾರಿ ಮುಚ್ಚಿ, ರವೆ ಹಬೆಗೆ ನೆನೆದು ಜಾರುತ್ತದೆ. ಆರು ಬಂಗಡೆ ಇದ್ದರೆ ಎರಡು ಸರದಿ. ಎರಡನೇ ಸರದಿಗೆ ಯಂತ್ರ ಚೆನ್ನಾಗಿ ಕಾದಿರುವುದರಿಂದ ಒಂದೆರಡು ನಿಮಿಷ ಕಡಿಮೆ ಸಾಕು. ಬೆನ್ನುಮೂಳೆಯ ಹತ್ತಿರ ಬಿಡಿಸಿ ನೋಡಿದಾಗ ಮಾಂಸ ಗಾಜಿನಂತೆ ಕಾಣದೆ ಬಿಳಿಯಾಗಿ, ಪದರಪದರವಾಗಿ ಬಿಟ್ಟುಕೊಂಡರೆ ಆಯಿತು. ಥರ್ಮಾಮೀಟರಿನ ಲೆಕ್ಕದಲ್ಲಿ 63 ಡಿಗ್ರಿ. ಬಾಳೆಎಲೆಯಲ್ಲಿ ಸುತ್ತಿದ ಪಾಪ್ಲೆಟ್ ಮಾಡುವವರು ಎಲೆಯನ್ನು ಬಾಳೆನಾರಿನಿಂದ ಬಿಗಿದು ಕಟ್ಟಿಯೇ ಇಡಬೇಕು, ಬಿಡಿ ಎಲೆಯ ತುದಿ ಮೇಲೆದ್ದು ರಾಡಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಎಲೆಯೊಳಗಿನ ಮೀನಿಗೆ ಗಾಳಿ ನೇರ ತಾಗುವುದಿಲ್ಲವಾದ್ದರಿಂದ ಅಲ್ಲಿ ಸಮಯದ ಕಡಿತವೂ ಸಣ್ಣದು. ಓವನ್ನಿನ 25 ನಿಮಿಷಕ್ಕೆ ಇಲ್ಲಿ 20 ಬೇಕಾಗುತ್ತದೆ.

ಹಾಗಾದರೆ ಎಲ್ಲವನ್ನೂ ಬದಲಿಸಬಹುದೇ? ಗಡಿಯಾಚೆಯ ಗೋವೆಯ ಬೆಬಿಂಕಾ ಈ ಯಂತ್ರಕ್ಕೆ ಹೇಳಿ ಮಾಡಿಸಿದ್ದೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ತೆಂಗಿನಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ ಕಲಸಿದ ಹಿಟ್ಟನ್ನು ಒಂದೊಂದು ಪದರವಾಗಿ ಸುರಿದು, ಮೇಲಿನ ಕೆಂಡದಲ್ಲೇ ಪ್ರತಿ ಪದರಕ್ಕೂ ಬಣ್ಣ ಬರಿಸುವ ಸಿಹಿ ಅದು. ಶಾಖ ಮೇಲಿನಿಂದಲೇ ಬರಬೇಕು. ಆದರೆ ಆ ಹಿಟ್ಟು ನೀರಾಗಿರುತ್ತದೆ, ಪದರ ಬಹಳ ತೆಳು. ಫ್ಯಾನಿನ ಗಾಳಿಗೆ ಅದರ ಮೈಯಲ್ಲಿ ಅಲೆ ಎದ್ದು, ಪದರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದದಷ್ಟು ತೆಳುವಾಗಿ ಗಟ್ಟಿಯಾಗುತ್ತದೆ. ಪ್ರತಿ ಪದರಕ್ಕೂ ಬಾಸ್ಕೆಟ್ ಎಳೆದಾಗ ಒಳಗಿನ ಬಿಸಿಗಾಳಿಯೆಲ್ಲ ಹೊರಗೆ ಹೋಗುತ್ತದೆ. ಉಷ್ಣತೆಯನ್ನು ಎಷ್ಟು ಇಳಿಸಿದರೂ ಫ್ಯಾನು ನಿಲ್ಲುವುದಿಲ್ಲವಾದ್ದರಿಂದ ಈ ತೊಂದರೆಗೆ ಡಿಗ್ರಿಯಲ್ಲಿ ಪರಿಹಾರವಿಲ್ಲ. ಬೆಬಿಂಕಾಕ್ಕೆ ಒಟಿಜಿಯ ಮೇಲಿನ ರಾಡೇ ಸರಿ, ಅದರಲ್ಲಿ ಫ್ಯಾನಿನ ಗುಂಡಿಯಿದ್ದರೆ ಅದನ್ನು ಆರಿಸಿಟ್ಟು ಮಾಡಬೇಕು.